Re: Re: ಅದೇ ಆಲ್ಬಮ್ ವಿಷಯ

ಅಕ್ಕ,

ನಿನ್ನ ಪತ್ರದೊಳಗೇ ಫೋಟೋಗಳೆಲ್ಲ ಅಂಟಿಕೊಂಡು ಬಂದಿದ್ದವು. ಉತ್ತರ ಕಳಿಸಲು ಹೋದರೆ ತುಂಬ ಭಾರವಾಯಿತು. ಅದಕ್ಕೇ ಕೆಳಗಿನದನ್ನೆಲ್ಲ ಅಳಿಸಿ ಬರೆಯುತ್ತಿದ್ದೇನೆ. ಹಳೆಯ ಆಲ್ಬಮ್‌ನ ಫೋಟೋಗಳನ್ನು ಸ್ಕ್ಯಾನ್ ಮಾಡಿಡುವ ಬಗ್ಗೆ ನೀನು ಕೇಳಿದ ಸಾಲಿನಲ್ಲೇ ಹೇಳುತ್ತಾ ಹೋಗುತ್ತೇನೆ.

ಮೊದಲನೆಯದು: ಹೌದು, ಸ್ಕ್ಯಾನ್ ಮಾಡು.

ಎರಡನೆಯದು: ಸ್ಕ್ಯಾನ್ ಮಾಡುವಾಗ 300 ಡಿಪಿಐ ಸಾಲದು, 600 ಇಡು. 4×6 ಇಂಚಿನ ಫೋಟೋ 600 ಡಿಪಿಐನಲ್ಲಿ 2400×3600 ಪಿಕ್ಸೆಲ್ ಆಗುತ್ತದೆ. ಮುದ್ರಣಕ್ಕೆ 300 ಸಾಕು ಅಂದುಕೊಂಡರೂ, ಆಗ ಅದನ್ನು ಎರಡು ಪಟ್ಟು ದೊಡ್ಡದಾಗಿ ಹಾಕಬಹುದು. ಬೆರಳುಗುರು ಗಾತ್ರದ ಆ ಚಿಕ್ಕವಕ್ಕೆ ಮಾತ್ರ 1200. ಟಿಫ್‌ನಲ್ಲೇ ಉಳಿಸು. ಒಂದೊಂದೂ ಸುಮಾರು 26 ಎಂಬಿ ಆಗುತ್ತದೆ, ಗಾಬರಿಯಾಗಬೇಡ. ಜೆಪೆಗ್ ತೆರೆದು ತಿದ್ದಿ ಮತ್ತೆ ಉಳಿಸಿದಷ್ಟೂ ಸಲ ಸ್ವಲ್ಪ ಸ್ವಲ್ಪ ಸವೆಯುತ್ತದೆ, ಆದ್ದರಿಂದ ಅದು ಹಂಚುವುದಕ್ಕೆ ಮಾತ್ರ ಇರಲಿ. ಸ್ಕ್ಯಾನರಿನಲ್ಲಿ ತಾನಾಗಿ ಬಣ್ಣ ಸರಿಮಾಡುವ ಆಯ್ಕೆಯನ್ನು ಆಫ್ ಮಾಡಿಬಿಡು. ಅದು ಹಳದಿ ಬಣ್ಣಕ್ಕೆ ತಿರುಗಿದ ಫೋಟೋ ಕಂಡರೆ ಎಲ್ಲರನ್ನೂ ನೀಲಿ ಮಾಡಿಬಿಡುತ್ತದೆ.

> …ಹಾಗಾದರೆ ಅದನ್ನು ಎಳೆದೇ ತೆಗೆಯಲೇ?

ಬೇಡ! ಆ ಅಂಟುಹಾಳೆಯ ಪುಟಗಳಲ್ಲಿ ಇಷ್ಟು ವರ್ಷ ಇದ್ದ ಫೋಟೋ ಎಳೆದರೆ ಹರಿಯುತ್ತದೆ. ಹಲ್ಲಿನ ಸಂದಿಗೆ ಬಳಸುವ ದಾರ ಇದೆಯಲ್ಲ, ಅದನ್ನು ಮೂಲೆಯಿಂದ ಫೋಟೋದ ಕೆಳಗೆ ತೂರಿಸಿ ಗರಗಸದಂತೆ ಮೆಲ್ಲಗೆ ಆಚೀಚೆ ಆಡಿಸು. ಬಂದರೆ ಬಂತು. ಬಿಗಿ ಅನ್ನಿಸಿದ ಕೂಡಲೇ ನಿಲ್ಲಿಸಿ, ಪುಟವನ್ನು ಹಾಗೇ ಗಾಜಿನ ಮೇಲಿಟ್ಟು ಸ್ಕ್ಯಾನ್ ಮಾಡು. ನೀರು ಸೋಕಿಸಬೇಡ. ನೀನು ಬರೆದ ಆ ನೀರಿನ ಉಪಾಯ ಯಾರು ಹೇಳಿದ್ದೋ ಗೊತ್ತಿಲ್ಲ, ದಯವಿಟ್ಟು ಮಾಡಬೇಡ.

ನಾಲ್ಕನೆಯದಕ್ಕೆ ನನ್ನ ಉತ್ತರ ನಿನಗೆ ಹಿಡಿಸುವುದಿಲ್ಲ. ಅಪ್ಪನ ಪಕ್ಕದಲ್ಲಿರುವವರನ್ನು ಆ ಫೋಟೋದಿಂದ ಅಳಿಸುವುದು ನನ್ನಿಂದ ಆಗುವುದಿಲ್ಲ. ಕೆಲಸ ಕಷ್ಟ ಅಂತಲ್ಲ, ಈಗ ಅದು ಐದು ನಿಮಿಷದ ಕೆಲಸ. ನೀನು ಕೊಟ್ಟ ಕಾರಣ ನನಗೂ ಗೊತ್ತು, ಆ ವರ್ಷ ನಾನೂ ಮನೆಯಲ್ಲೇ ಇದ್ದೆ. ಆದರೆ ಚಿತ್ರವನ್ನು ದೊಡ್ಡದು ಮಾಡಿ ನೋಡು: ಅವರ ಕೈ ಅಪ್ಪನ ಹೆಗಲ ಮೇಲಿದೆ, ಅಪ್ಪ ನಗುತ್ತಿರುವುದೂ ಅವರ ಕಡೆ ತಿರುಗಿಯೇ. ಅವರನ್ನು ಅಳಿಸಿದರೆ ಅಪ್ಪ ಖಾಲಿ ಜಾಗ ನೋಡಿ ನಗುತ್ತಿರುವಂತೆ ಆಗುತ್ತದೆ. ಅಮ್ಮನಿಗೆ ತೋರಿಸಲು ಬೇರೆ ಫೋಟೋ ಆರಿಸೋಣ. ನೀನು ಕಳಿಸಿದವುಗಳಲ್ಲಿ ಕೊನೆಯಿಂದ ಎರಡನೆಯದು ನನಗೆ ಇನ್ನೂ ಚೆನ್ನಾಗಿ ಕಂಡಿತು. ಅಪ್ಪ ನಗುತ್ತಿರುವ ಆ ಫೋಟೋವನ್ನಂತೂ ಪೂರ್ತಿ ಸ್ಕ್ಯಾನ್ ಮಾಡಿ ಇಡು, ಅಂಚನ್ನೂ ಕತ್ತರಿಸಬೇಡ.

ಹಿಂಬದಿಯನ್ನೂ ಮರೆಯಬೇಡ. ಅಜ್ಜ ಕೆಲವದರ ಹಿಂದೆ ಹೆಸರು, ತಿಂಗಳು ಬರೆದಿಟ್ಟಿದ್ದಾರೆ. ಆ ಅಕ್ಷರ ಓದಬಲ್ಲವರು ಈಗ ಅಮ್ಮ ಒಬ್ಬರೇ. ಕಡತಗಳಿಗೆ ವರ್ಷ ಮೊದಲು ಬರುವಂತೆ ಹೆಸರಿಡು, ತಾವಾಗೇ ಸಾಲಾಗಿ ನಿಲ್ಲುತ್ತವೆ:

```
1978_001.tif
1978_001_back.tif
```

ವರ್ಷ ಗೊತ್ತಿಲ್ಲದ್ದಕ್ಕೆ ಊಹಿಸಿ ಹಾಕಬೇಡ, 0000 ಅಂತ ಇಡು. ಹೊಸದಾಗಿ ಏನಾದರೂ ಹಿಂದೆ ಬರೆಯುವುದಿದ್ದರೆ ಮೆತ್ತನೆ ಪೆನ್ಸಿಲ್‌ನಲ್ಲಿ, ಒತ್ತದೆ. ಬಾಲ್‌ಪೆನ್ನಿನ ಗೀರು ಮುಂದುಗಡೆಗೂ ಮೂಡುತ್ತದೆ.

ಆ ಡಬ್ಬಿಯ ಬಗ್ಗೆ: ಅದನ್ನು ಎಸೆದಿಲ್ಲ ತಾನೇ? ಒಳಗಿರುವುದು ನೆಗೆಟಿವ್‌ಗಳು. ಫೋಟೋ ಮಾಸಿದ್ದರೂ ನೆಗೆಟಿವ್ ಚೆನ್ನಾಗಿದ್ದರೆ ಅದರಿಂದಲೇ ಒಳ್ಳೆಯ ಪ್ರತಿ ಸಿಗುತ್ತದೆ. ನಿನ್ನ ಸ್ಕ್ಯಾನರಿನಲ್ಲಿ ಅದು ಆಗುವುದಿಲ್ಲ, ಹಿಂದಿನಿಂದ ಬೆಳಕು ಹಾಯಿಸುವ ಸ್ಕ್ಯಾನರ್ ಬೇಕು. ನನಗೆ ಕೊಡು. ಅಂಚು ಹಿಡಿದೇ ಎತ್ತು, ಬೆರಳಚ್ಚು ಬಿದ್ದರೆ ಸುಲಭವಾಗಿ ಹೋಗುವುದಿಲ್ಲ.

ಕಳಿಸುವ ರೀತಿ: ವಾಟ್ಸ್ಆ್ಯಪ್‌ನಲ್ಲಿ ಫೋಟೋ ಅಂತ ಹಾಕಿದರೆ ಕುಗ್ಗಿಬಿಡುತ್ತದೆ. ಡಾಕ್ಯುಮೆಂಟ್ ಅಂತ ಹಾಕು, ಇಲ್ಲವೇ ಪೆನ್‌ಡ್ರೈವ್‌ನಲ್ಲಿ ತಾ. ಇಮೇಲ್ ಬೇಡ. 25 ಎಂಬಿ ಮಿತಿ ಅಂದರೂ, ಹೋಗುವಾಗ ಕಡತ ಮೂರನೇ ಒಂದು ಪಾಲಿನಷ್ಟು ಉಬ್ಬುವುದರಿಂದ ಅಷ್ಟು ಹಿಡಿಸುವುದಿಲ್ಲ.

ಕೊನೆಯದಕ್ಕೆ ಫೋನಿನಲ್ಲೇ ಹೇಳುತ್ತೇನೆ. ಬರೆದರೆ ಉದ್ದವಾಗುತ್ತದೆ, ಮೇಲಾಗಿ ಭಾವನವರನ್ನೂ ಈ ಪತ್ರದಲ್ಲಿ ಸೇರಿಸಿದ್ದೇನೆ.

ಭಾವ, ನಿಮಗೆ ಇದು ತಲೆಬುಡ ತಿಳಿಯದ ಹಾಗೆ ಕಾಣಬಹುದು, ಅಕ್ಕನ ಪತ್ರ ಇದರ ಕೆಳಗೆ ಇಲ್ಲ. ನಿಮಗೆ ಬೇಕಾದ್ದು ಇಷ್ಟೇ: ಭಾನುವಾರ ಆ ಡಬ್ಬಿಯನ್ನು ಕಾರಿನ ಡಿಕ್ಕಿಯಲ್ಲಿ ಇಡದೆ ಸೀಟಿನ ಮೇಲಿಟ್ಟು ತನ್ನಿ. ಬಿಸಿಲಿನ ಕಾವಿಗೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸ್ಕ್ಯಾನರಿನ ಗಾಜು ಒರೆಸಲು ನಾರು ಬಿಡದ ಬಟ್ಟೆ ಇದ್ದರೆ ಅದೂ ಬೇಕು.

ರವಿ

ಮಂಗಳವಾರ ರಾತ್ರಿ 9:42ಕ್ಕೆ ಅಕ್ಕ ಬರೆದದ್ದು:
> [ಉಲ್ಲೇಖಿತ ಪಠ್ಯವನ್ನು ತೆಗೆಯಲಾಗಿದೆ]