ವಿಷಯ: ಪರಿಚಯ – ಕೋಲಾರದ ಡಾ. ಶೋಭಾ, ತುಮಕೂರಿನ ನಾಗರಾಜ್ – ಶಿಡ್ಲಘಟ್ಟದ ನೂಲು ಘಟಕಗಳ ಹೊಗೆ ಮತ್ತು ಆವಿ

ಡಾ. ಶೋಭಾ ಅವರಿಗೆ ಮತ್ತು ನಾಗರಾಜ್ ಅವರಿಗೆ,

ನಮಸ್ಕಾರ. ನೀವಿಬ್ಬರೂ ಬೇರೆ ಬೇರೆ ದಿನ ನನ್ನಲ್ಲಿ ಕೇಳಿದ್ದು ಒಂದೇ ವಿಷಯ. ಅದಕ್ಕಾಗಿ ಈ ಪತ್ರದ ಮೂಲಕ ನಿಮ್ಮನ್ನು ಒಬ್ಬರಿಗೊಬ್ಬರು ಪರಿಚಯಿಸುತ್ತಿದ್ದೇನೆ. ನಿಮ್ಮ ವಿಳಾಸವನ್ನು ಇನ್ನೊಬ್ಬರಿಗೆ ಕೊಡಲು ಇಬ್ಬರೂ ಒಪ್ಪಿಗೆ ಕೊಟ್ಟಿದ್ದೀರಿ, ಎರಡೂ ವಿಳಾಸಗಳು ಮೇಲೆಯೇ ಇವೆ. ಮೊದಲ ಉತ್ತರವನ್ನು ತಾವೇ ಬರೆಯುವುದಾಗಿ ಶೋಭಾ ಅವರು ಹೇಳಿದ್ದಾರೆ. ದಿನ, ಹೊತ್ತು, ಜಾಗ ಎಲ್ಲವನ್ನೂ ನೀವಿಬ್ಬರೇ ಗೊತ್ತು ಮಾಡಿಕೊಳ್ಳಿ. ಉತ್ತರಿಸುವಾಗ ನನ್ನ ವಿಳಾಸವನ್ನು ತೆಗೆದುಬಿಡಿ.

ಭೇಟಿ ಗೊತ್ತು ಮಾಡಿಕೊಳ್ಳುವುದಕ್ಕೆ ಇಷ್ಟು ಸಾಕು. ಕೆಳಗಿನದನ್ನು ಬರೆದದ್ದು, ಎದುರು ಕುಳಿತಾಗ ನೀವು ಮೊದಲಿನಿಂದ ಹೇಳಿಕೊಳ್ಳುವ ಶ್ರಮ ಉಳಿಯಲಿ ಎಂದು. ಬಿಡುವಾದಾಗ ಓದಿ.

ನಾಗರಾಜ್ ಅವರೇ, ಶೋಭಾ ಅವರು ಕೋಲಾರದಲ್ಲಿ ಶ್ವಾಸಕೋಶ ತಜ್ಞೆ. ಅವರ ಬಳಿಗೆ ಶಿಡ್ಲಘಟ್ಟ, ಚಿಂತಾಮಣಿ ಕಡೆಯಿಂದ ರೇಷ್ಮೆ ನೂಲು ಬಿಚ್ಚುವ ಹೆಂಗಸರು ಕೆಮ್ಮು, ದಮ್ಮು ಎಂದು ಬರುತ್ತಾರೆ. ಎಷ್ಟು ಮಂದಿ, ಎಂಥ ವಯಸ್ಸಿನವರು ಎಂಬುದನ್ನು ಅವರ ಬಾಯಿಂದಲೇ ಕೇಳಿ. ಅವರನ್ನು ನಾನು ಮೆಚ್ಚಿಕೊಂಡದ್ದು ಒಂದು ಕಾರಣಕ್ಕೆ. ರೋಗಿ ಕುಳಿತ ತಕ್ಷಣ "ಏನು ಕೆಲಸ ಮಾಡುತ್ತೀರಿ?" ಎಂದು ಕೇಳುತ್ತಾರೆ. "ಫಿಲೇಚರ್ ಕೆಲಸ" ಎಂದರೆ ಅಲ್ಲಿಗೆ ಬಿಡುವುದಿಲ್ಲ. ಚರಕವೋ ಕಾಟೇಜ್ ಬೇಸಿನ್ನೋ, ಒಲೆಯ ಮುಂದೆ ಕೂರುವವರೋ ಚಕ್ರ ತಿರುಗಿಸುವವರೋ, ರಜೆಯ ದಿನ ಕೆಮ್ಮು ಕಡಿಮೆಯಾಗುತ್ತದೆಯೋ ಎಂದು ಕೇಳುತ್ತಾ ಹೋಗುತ್ತಾರೆ. ರೇಷ್ಮೆ ಇಲಾಖೆಯಲ್ಲಿ ಇಷ್ಟು ವರ್ಷ ಇದ್ದ ನಾನು ಆ ಕೊನೆಯ ಪ್ರಶ್ನೆಯನ್ನು ಯಾರಿಗೂ ಕೇಳಿರಲಿಲ್ಲ.

ಶೋಭಾ ಅವರೇ, ನಾಗರಾಜ್ ಅವರು ತುಮಕೂರಿನವರು, ಮೆಕ್ಯಾನಿಕಲ್ ಎಂಜಿನಿಯರ್. ತಮ್ಮದೇ ಸಣ್ಣ ವರ್ಕ್‌ಶಾಪ್‌ನಲ್ಲಿ ಹೋಟೆಲುಗಳಿಗೆ, ಬೆಲ್ಲದ ಆಲೆಮನೆಗಳಿಗೆ ಕಡಿಮೆ ಸೌದೆ ಬೇಡುವ ಒಲೆ ಮತ್ತು ಹೊಗೆಕೊಳವೆ ಮಾಡಿಕೊಡುತ್ತಾರೆ. ಒಂದು ಆಲೆಮನೆಯಲ್ಲಿ ಅವರು ಕೂರಿಸಿದ ಒಲೆಯನ್ನು ನಾನು ಕಣ್ಣಾರೆ ನೋಡಿದ್ದೇನೆ. ಕೊಪ್ಪರಿಗೆಯ ಪಕ್ಕದಲ್ಲಿ ನಿಂತಿದ್ದರೂ ಕಣ್ಣಲ್ಲಿ ನೀರು ಬರಲಿಲ್ಲ. ನೂಲು ಘಟಕಗಳಿಗೂ ಅಂಥದ್ದೊಂದನ್ನು ಮಾಡಬೇಕೆಂದು ಶಿಡ್ಲಘಟ್ಟಕ್ಕೆ ಎರಡು ಸಲ ಬಂದು ಅಳತೆ ತೆಗೆದುಕೊಂಡು ಹೋಗಿದ್ದಾರೆ. ಅವರದು ಮಾರಾಟದ ಮಾತಲ್ಲ. ಆಗದ್ದನ್ನು ಆಗದು ಎಂದೇ ಹೇಳುತ್ತಾರೆ.

ಈಗ, ನಿಮ್ಮಿಬ್ಬರನ್ನು ಸೇರಿಸಲೇಬೇಕು ಎಂದು ನನಗೆ ಏಕೆ ಅನ್ನಿಸಿತು ಎಂಬುದು.

ಕಳೆದ ತಿಂಗಳು ಒಂದು ಚರಕ ಘಟಕದಲ್ಲಿ ಬೆಳಗಿನ ಹೊತ್ತು ಕುಳಿತಿದ್ದೆ. ಕಬ್ಬಿಣದ ತಗಡಿನ ಮಾಡು, ಒಂದೇ ಕಿಟಕಿ. ಒಲೆಯ ಮೇಲೆ ನೀರು ಕುದಿಯುತ್ತಿತ್ತು, ಅದರಲ್ಲಿ ಗೂಡುಗಳು ಕುಣಿಯುತ್ತಿದ್ದವು. ಒಲೆಯ ಮುಂದೆ ಕುಳಿತಿದ್ದ ಹೆಣ್ಣುಮಗಳು ಕಡ್ಡಿಯಿಂದ ಗೂಡುಗಳನ್ನು ತಿರುವಿ, ಎಳೆಯ ತುದಿಗಳನ್ನು ಬೆರಳಿಗೆ ಸಿಕ್ಕಿಸಿಕೊಂಡು ಒಟ್ಟುಗೂಡಿಸಿ ಬಿಡುತ್ತಿದ್ದರು. ಕೈ ನೀರಿಗೆ ಹೋಗಿ ಬರುವುದು ರೆಪ್ಪೆ ಬಡಿದಷ್ಟು ವೇಗ. ಬೆರಳ ತುದಿಗಳು ಬೆಳ್ಳಗೆ ಬಿರಿದು, ಉಗುರಿನ ಪಕ್ಕ ಸುಲಿದಿದ್ದವು. ತೋರುಬೆರಳಿಗೆ ಹಳೆಯ ಸೀರೆಯ ಚಿಂದಿ ಸುತ್ತಿಕೊಂಡಿದ್ದರು. ಗಾಳಿ ತಿರುಗಿದಾಗಲೆಲ್ಲ ಒಲೆಯ ಬಾಯಿಂದ ಹೊಗೆ ನೇರ ಮುಖಕ್ಕೆ. ಅವರು ಸೆರಗನ್ನು ಮೂಗಿಗೆ ಎಳೆದುಕೊಳ್ಳುತ್ತಿರಲಿಲ್ಲ, ಯಾಕೆಂದರೆ ಕೈಬಿಟ್ಟರೆ ಎಳೆ ತುಂಡಾಗುತ್ತದೆ. ಮುಖವನ್ನು ಒಂದು ಕಡೆಗೆ ಓರೆ ಮಾಡಿ, ಕಣ್ಣು ಕಿರಿದು ಮಾಡಿ, ಕೆಮ್ಮಿ, ಮತ್ತೆ ತಿರುಗುತ್ತಿದ್ದರು. ಅರ್ಧ ಗಂಟೆಯಲ್ಲಿ ಅದನ್ನು ಎಷ್ಟು ಸಲ ನೋಡಿದೆನೋ.

ಆ ಮುಖದ ಎದುರು ಎರಡು ಬಗೆಯ ಗಾಳಿ ಇದೆ. ಒಂದು ಸೌದೆಯ ಹೊಗೆ. ಇನ್ನೊಂದು ಗೂಡು ಬೇಯುವಾಗ ಏಳುವ ಆವಿ, ಅದರಲ್ಲಿ ಎಳೆಗಳನ್ನು ಅಂಟಿಸಿರುವ ಸೆರಿಸಿನ್, ಒಳಗೆ ಸತ್ತ ಹುಳುವಿನ ಅಂಶ ಎಲ್ಲವೂ ಸೇರಿರುತ್ತವೆ. ರೇಷ್ಮೆಯ ಪ್ರೋಟೀನಿಗೆ ಮೈ ಒಗ್ಗದೆ ಉಬ್ಬಸ ಬರುವುದುಂಟು ಎಂದು ಶೋಭಾ ಅವರು ನನಗೆ ವಿವರಿಸಿದ್ದರು. ನಾಗರಾಜ್ ಅವರು ಹೊಗೆಕೊಳವೆ ಕೂರಿಸಿದರೆ ಮೊದಲನೆಯದು ಹೊರಗೆ ಹೋಗುತ್ತದೆ, ಎರಡನೆಯದು ಅಲ್ಲೇ ಉಳಿಯುತ್ತದೆ. ಹಾಗಾದರೆ ಉಬ್ಬಸ ಇಳಿಯುತ್ತದೆಯೇ? ಇದಕ್ಕೆ ಒಬ್ಬರೇ ಉತ್ತರ ಹೇಳಲಾರರು.

ಶೋಭಾ ಅವರು ನನ್ನನ್ನು ಕೇಳಿದ್ದು ಹೀಗೆ: "ಹೊಗೆಯಿಂದ ದೂರ ಇರಿ ಎನ್ನುತ್ತೇನೆ. ದೂರ ಇದ್ದರೆ ಅವರ ಮನೆಯ ಒಲೆ ಉರಿಯುವುದಿಲ್ಲ. ಅಲ್ಲಿಯೇ ಇದ್ದುಕೊಂಡು ಉಸಿರಾಡುವ ಹಾಗೆ ಯಾರಾದರೂ ಏನಾದರೂ ಮಾಡಿಕೊಡುತ್ತಾರೆಯೇ?" ನಾಗರಾಜ್ ಅವರು ಕೇಳಿದ್ದು ಹೀಗೆ: "ಒಲೆ ಮಾಡುತ್ತೇನೆ ಸರ್, ಆದರೆ ಏನನ್ನು ಎಷ್ಟು ತಗ್ಗಿಸಿದರೆ ಆರೋಗ್ಯಕ್ಕೆ ಪ್ರಯೋಜನ ಎಂದು ನನಗೆ ಹೇಳುವವರು ಬೇಕು. ಸೌದೆ ಉಳಿತಾಯ ನಾನೇ ಅಳೆಯಬಲ್ಲೆ, ಎದೆಯನ್ನು ಅಳೆಯಲಾರೆ." ಎರಡೂ ಮಾತು ನನ್ನ ಕಿವಿಗೆ ಬಿದ್ದು ವಾರಗಳಾದವು. ಅವು ನನ್ನ ಕಿವಿಯಲ್ಲಿ ಉಳಿದರೆ ಯಾರಿಗೂ ಉಪಯೋಗವಿಲ್ಲ.

ನಾಗರಾಜ್ ಅವರೇ, ನೀವು ಈಗಾಗಲೇ ಕಂಡಿರಬಹುದಾದ ಎರಡು ತೊಡಕುಗಳನ್ನು ಶೋಭಾ ಅವರಿಗಾಗಿ ಇಲ್ಲಿ ಬರೆಯುತ್ತೇನೆ. ಗೋಡೆಗೆ ಫ್ಯಾನ್ ಹಾಕಿಸಿ ಎಂದು ಹೇಳುವುದು ಸುಲಭ, ಆದರೆ ಅಡ್ಡಗಾಳಿ ಬೀಸಿದರೆ ಕೂದಲಿಗಿಂತ ಸಣ್ಣ ಎಳೆಗಳು ಒಂದಕ್ಕೊಂದು ಸುತ್ತಿಕೊಳ್ಳುತ್ತವೆ. ನೀರಿನ ಬಿಸಿ ಇಳಿದರೆ ಗೂಡು ಸರಿಯಾಗಿ ಬಿಚ್ಚುವುದಿಲ್ಲ, ಎಳೆ ಹೆಚ್ಚು ತುಂಡಾಗುತ್ತದೆ. ತುಂಡಾದ ಎಳೆ ಎಂದರೆ ಕಡಿಮೆ ನೂಲು, ಕಡಿಮೆ ನೂಲು ಎಂದರೆ ಕಡಿಮೆ ದುಡ್ಡು. ಮಿಶ್ರತಳಿ ಗೂಡಿನಲ್ಲಿ ಒಂದು ಕಿಲೋ ನೂಲಿಗೆ ಸುಮಾರು 7ರಿಂದ 8 ಕಿಲೋ ಗೂಡು ಬೇಕು. ಗೂಡಿನ ಬೆಲೆ ದಿನವೂ ಹರಾಜಿನಲ್ಲಿ ಏರಿಳಿಯುತ್ತದೆ. ಹೀಗಿರುವಾಗ ಘಟಕದವರು ನೂಲು ಕಡಿಮೆಯಾಗುವ ಯಾವ ಸಾಧನವನ್ನೂ ವಾರಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದಿಲ್ಲ. ಇನ್ನೊಂದು, ಬಹಳ ಘಟಕಗಳು ಬಾಡಿಗೆಯವು. ಮಾಡು ಒಡೆಯಲು, ಗೋಡೆ ಕೊರೆಯಲು ಮಾಲೀಕರು ಬಿಡುವುದಿಲ್ಲ. ಖಾಲಿ ಮಾಡುವಾಗ ಬಿಚ್ಚಿಕೊಂಡು ಹೋಗುವಂತಿದ್ದರೆ ಮಾತ್ರ ಒಪ್ಪುತ್ತಾರೆ.

ಶೋಭಾ ಅವರೇ, ನೀವು ಫೋನಿನಲ್ಲಿ ಹೇಳಿದ ಆ ಯೋಚನೆಯನ್ನು ನಾಗರಾಜ್ ಅವರಿಗೆ ತಪ್ಪದೆ ಹೇಳಿ: ಕೈಯಲ್ಲಿ ಹಿಡಿಯುವ ಆ ಸಣ್ಣ ಕೊಳವೆಯಲ್ಲಿ ಕೆಲಸಕ್ಕೆ ಮುಂಚೆ ಒಮ್ಮೆ, ಕೆಲಸ ಮುಗಿದ ಮೇಲೆ ಒಮ್ಮೆ ಜೋರಾಗಿ ಊದಿಸಿ ಅಳತೆ ಬರೆದಿಡುವುದು. ಹಳೆಯ ಒಲೆಯಲ್ಲಿ ಕೆಲವು ವಾರ, ಹೊಸ ಒಲೆಯಲ್ಲಿ ಕೆಲವು ವಾರ ಹಾಗೆ ಬರೆದರೆ, ಹೊಗೆ ಹೋದ ಮೇಲೂ ಉಸಿರು ಕಟ್ಟುತ್ತಿದೆಯೇ ಎಂಬುದು ತಿಳಿಯುತ್ತದೆ. ನನ್ನ ಮಟ್ಟಿಗೆ ಇಡೀ ಕೆಲಸದ ಕೀಲಿ ಅಲ್ಲಿದೆ. ಒಲೆ ಕೂರಿಸಿದ ಮೇಲೆ ಅಳೆಯಲು ಹೊರಟರೆ ಹಿಂದಿನದು ಕೈತಪ್ಪಿ ಹೋಗಿರುತ್ತದೆ. ಆದ್ದರಿಂದ ಒಲೆಗೆ ಮುಂಚೆಯೇ ನೀವಿಬ್ಬರೂ ಕೂರಬೇಕು ಎಂಬುದು ನನ್ನ ಆಸೆ. ರೋಗಿಗಳ ಹೆಸರು, ಕಡತ ಯಾವುದೂ ಈ ಮಾತುಕತೆಗೆ ಬೇಡ ಎಂಬ ನಿಮ್ಮ ಷರತ್ತನ್ನು ನಾಗರಾಜ್ ಅವರಿಗೆ ಹೇಳಿದ್ದೇನೆ, ಅವರು ಒಪ್ಪಿದ್ದಾರೆ.

ಹಣದ ವಿಷಯ. ಈ ಮೊದಲ ಭೇಟಿಯಲ್ಲಿ ಯಾರೂ ಯಾರಿಗೂ ಏನೂ ಕೊಡಬೇಕಾಗಿಲ್ಲ, ಏನನ್ನೂ ಒಪ್ಪಿಕೊಳ್ಳಬೇಕಾಗಿಲ್ಲ. ಮಾತನಾಡಿದ ಮೇಲೆ ಇದು ನಮಗೆ ಹೊಂದದು ಎನ್ನಿಸಿದರೆ ಅಲ್ಲಿಗೇ ಬಿಡಬಹುದು. ನನಗೆ ಕಾರಣ ಹೇಳಬೇಕಾದ ದಾಕ್ಷಿಣ್ಯವೂ ಬೇಡ.

ಹೊತ್ತಿನ ಬಗ್ಗೆ ನನಗೆ ಗೊತ್ತಿರುವುದು ಇಷ್ಟು: ಶೋಭಾ ಅವರಿಗೆ ಗುರುವಾರ ಮಧ್ಯಾಹ್ನ ಮತ್ತು ಭಾನುವಾರ ಬಿಡುವು. ನಾಗರಾಜ್ ಅವರಿಗೆ ಮಂಗಳವಾರ ಮಾತ್ರ ಆಗುವುದಿಲ್ಲ. ಮೊದಲು ಫೋನಿನಲ್ಲಿ ಅರ್ಧ ಗಂಟೆ ಮಾತನಾಡಿ, ಆಮೇಲೆ ಮುಖತಃ ಸೇರಿದರೆ ಒಳ್ಳೆಯದು. ಶಿಡ್ಲಘಟ್ಟದಲ್ಲೇ ಸೇರುವುದಾದರೆ ಕೋಲಾರದಿಂದ ಚಿಂತಾಮಣಿ ಮೇಲೆ, ತುಮಕೂರಿನಿಂದ ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಮೇಲೆ ಬರಬಹುದು. ದೂರ ನಾಗರಾಜ್ ಅವರಿಗೇ ಹೆಚ್ಚು, ಹೊತ್ತು ಗೊತ್ತು ಮಾಡುವಾಗ ಅದು ನೆನಪಿರಲಿ. ಘಟಕ ನೋಡಬೇಕಾದರೆ ಬೆಳಿಗ್ಗೆಯೇ ನೋಡಬೇಕು, ಒಲೆ ಉರಿಯುತ್ತಿರುವಾಗ. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೆ ಕೆಲಸ ನಿಲ್ಲುವ ಘಟಕಗಳಿವೆ, ಆ ಹೊತ್ತು ಬೇಡ.

ಕಳೆದ ತಿಂಗಳು ನಾನು ಕುಳಿತಿದ್ದ ಆ ಚರಕ ಘಟಕದ ಮಾಲೀಕರ ಜೊತೆ ಮಾತನಾಡಿದ್ದೇನೆ. ಡಾಕ್ಟರು, ಎಂಜಿನಿಯರು ಇಬ್ಬರು ಬರುತ್ತಾರೆ ಎಂದಾಗ ಸಂತೋಷದಿಂದ ಒಪ್ಪಿದರು. ಹೊರಡುವ ಹಿಂದಿನ ದಿನ ಒಂದು ಫೋನ್ ಮಾಡಿ ಎಂದಷ್ಟೇ ಅವರ ಕೋರಿಕೆ. ಅವರ ಸಂಖ್ಯೆಯನ್ನು ನಿಮ್ಮಿಬ್ಬರ ಮೊಬೈಲಿಗೂ ಬೇರೆಯಾಗಿ ಕಳುಹಿಸಿದ್ದೇನೆ. ಆ ಹೆಣ್ಣುಮಗಳೂ ಮಾತನಾಡಲು ಸಿದ್ಧರಿದ್ದಾರೆ, ಆದರೆ ಎಲ್ಲಿಯೂ ತಮ್ಮ ಹೆಸರು, ಫೋಟೋ ಬರಬಾರದು ಎಂದಿದ್ದಾರೆ. ಅವರನ್ನು ಒಲೆಯ ಮುಂದೆ ಕುಳಿತಿರುವಾಗ ಪ್ರಶ್ನೆ ಕೇಳಬೇಡಿ. ಹನ್ನೊಂದರ ಸುಮಾರಿಗೆ ಚಹಾಕ್ಕೆಂದು ಎದ್ದು ಹೊರಗಿನ ಕಟ್ಟೆಯ ಮೇಲೆ ಕೂರುತ್ತಾರೆ, ಆಗ ಮನಸ್ಸು ಬಿಚ್ಚಿ ಹೇಳುತ್ತಾರೆ.

ನಾನು ಬದಿಗೆ ಸರಿಯುತ್ತಿರುವುದನ್ನು ಅನಾದರ ಎಂದು ತಿಳಿಯಬೇಡಿ. ಕೆಲಸದಲ್ಲಿದ್ದಾಗ ಒಮ್ಮೆ ಹೀಗೆಯೇ ಇಬ್ಬರನ್ನು ಸೇರಿಸಲು ಹೋಗಿ ಪ್ರತಿ ಮಾತೂ ನನ್ನ ಮೂಲಕವೇ ಹೋಗುವಂತಾಯಿತು. ಒಬ್ಬರು ತಾರೀಖು ಹೇಳುವುದು, ನಾನು ಇನ್ನೊಬ್ಬರನ್ನು ಕೇಳುವುದು, ಅವರ ಉತ್ತರ ತಲುಪುವಷ್ಟರಲ್ಲಿ ಆ ತಾರೀಖೇ ಕಳೆದುಹೋಗುವುದು. ನಡುವೆ ನಾನು ಮಗಳ ಬಾಣಂತನಕ್ಕೆಂದು ಊರು ಬಿಟ್ಟೆ. ಮೂರು ತಿಂಗಳಾದ ಮೇಲೆ ವಿಚಾರಿಸಿದರೆ, ಇಬ್ಬರೂ ಇನ್ನೊಬ್ಬರಿಗೆ ಆಸಕ್ತಿ ಇಲ್ಲ ಎಂದುಕೊಂಡು ಕೈಬಿಟ್ಟಿದ್ದರು. ಅದು ಇವತ್ತಿಗೂ ನನ್ನ ಮನಸ್ಸನ್ನು ಕೊರೆಯುತ್ತದೆ. ಈ ಸಲ ಹಾಗಾಗಬಾರದು.

ಶೋಭಾ ಅವರೇ, ಬುಧವಾರದೊಳಗೆ ನಾಗರಾಜ್ ಅವರಿಗೆ ಎರಡು ಸಾಲು ಬರೆದುಬಿಡಿ. ನಾಗರಾಜ್ ಅವರೇ, ಆಸ್ಪತ್ರೆಯ ಕೆಲಸದ ನಡುವೆ ಅದು ತಡವಾದರೆ ಕಾಯಬೇಡಿ, ನೀವೇ ಬರೆಯಿರಿ. ಒಲೆಯ ಅಳತೆಗಳನ್ನು ಗುರುತು ಹಾಕಿದ ಆ ನೋಟ್‌ಪುಸ್ತಕವನ್ನು ಬರುವಾಗ ಮರೆಯದೆ ತನ್ನಿ. ಬೇಸಿನ್ನಿನ ಅಂಚಿನಿಂದ ಕೂತವರ ಮೂಗಿಗೆ ಎಷ್ಟು ದೂರ ಎಂದು ನೀವು ಅದರಲ್ಲಿ ಬರೆದುಕೊಂಡದ್ದನ್ನು ನಾನು ನೋಡಿದ್ದೇನೆ. ಶೋಭಾ ಅವರು ಮೊದಲು ಕೇಳುವುದು ಅದನ್ನೇ.

ವಿಶ್ವಾಸದಿಂದ,
ನಾರಾಯಣಸ್ವಾಮಿ
ನಿವೃತ್ತ ರೇಷ್ಮೆ ವಿಸ್ತರಣಾಧಿಕಾರಿ
ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಜಿಲ್ಲೆ