ಬಳ್ಳಾರಿಯ ಜೀನ್ಸ್ ಘಟಕದಿಂದ: ಇಪ್ಪತ್ತು ನಿಮಿಷದ ಮಾತಿಗೆ ಕೋರಿಕೆ

ಮಾನ್ಯ ಮೇಡಂ, ನಮಸ್ಕಾರ.

ಪರಿಚಯವಿಲ್ಲದೆ ಬರೆಯುತ್ತಿದ್ದೇನೆ. ಗುಣಮಟ್ಟ ತಪಾಸಣೆಯಿಂದ ಆರಂಭಿಸಿದ ನೀವು ಈಗ ರಫ್ತು ಉಡುಪುಗಳ ಖರೀದಿ ವಿಭಾಗ ನೋಡಿಕೊಳ್ಳುತ್ತಿರುವುದನ್ನು ಲಿಂಕ್ಡ್‌ಇನ್‌ನಲ್ಲಿ ಓದಿದೆ. ನಾನು ಹಿಡಿಯಬೇಕೆಂದಿರುವ ದಾರಿಯೂ ಅದೇ.

ನಾನು ಬಳ್ಳಾರಿಯ ಜೀನ್ಸ್ ಘಟಕವೊಂದರಲ್ಲಿ ಕಟಿಂಗ್ ವಿಭಾಗದ ಮೇಲ್ವಿಚಾರಕಿ. ಡೆನಿಮ್ ತೊಳೆದ ಮೇಲೆ ಕುಗ್ಗುತ್ತದೆ, ಅದೂ ಒಂದೊಂದು ರೋಲ್ ಒಂದೊಂದು ರೀತಿ. ಮೊದಲು ಎಲ್ಲ ರೋಲ್‌ಗಳನ್ನೂ ಒಟ್ಟಿಗೆ ಹಾಸಿ ಕತ್ತರಿಸುತ್ತಿದ್ದರು. ತೊಳೆದು ಬಂದಾಗ 32ರ ಸೊಂಟ 31 ಆಗಿರುತ್ತಿತ್ತು, ಬೈಗುಳ ಮಾತ್ರ ಹೊಲಿಗೆಯವರಿಗೆ. ಈಗ ಪ್ರತಿ ರೋಲ್‌ನಿಂದ ತುಂಡು ತೆಗೆದು, 50 ಸೆಂ.ಮೀ. ಚೌಕದ ಗುರುತು ಹಾಕಿ, ತೊಳೆಸಿ, ಒಣಗಿದ ಮೇಲೆ ಅಳೆಯುತ್ತೇನೆ. 48 ಬಂದರೆ ಶೇ 4ರಷ್ಟು ಕುಗ್ಗಿದೆ ಎಂದರ್ಥ. ಒಂದೇ ಬಗೆಯಲ್ಲಿ ಕುಗ್ಗುವ ರೋಲ್‌ಗಳದ್ದು ಒಂದು ಗುಂಪು, ಗುಂಪಿಗೊಂದು ಪ್ಯಾಟರ್ನ್. ಮೊದಲು ಗೊಣಗಿದ ಮಾಲೀಕರೇ ಈಗ ಅಳತೆ ಬರುವವರೆಗೆ ಕತ್ತರಿ ಮುಟ್ಟಲು ಬಿಡುವುದಿಲ್ಲ.

ನಿಮ್ಮಲ್ಲಿ ಕೇಳಬೇಕಿರುವುದು ಎರಡೇ: ರಫ್ತು ಖರೀದಿದಾರರು ಹೊಸ ಘಟಕವನ್ನು ಒಪ್ಪುವ ಮುನ್ನ ಏನೇನು ನೋಡುತ್ತಾರೆ? ಮರ್ಚಂಡೈಸರ್ ಆಗಲು ನನ್ನಂಥ ಡಿಪ್ಲೊಮಾದವರು ಮೊದಲು ಏನು ಕಲಿಯಬೇಕು? ಕೆಲಸ ಕೊಡಿಸಿ ಎಂದು ಬರೆದ ಪತ್ರವಲ್ಲ ಇದು. ಸಿಕ್ಕರೆ ಬೇಡವೆನ್ನುವಷ್ಟು ದೊಡ್ಡವಳೂ ನಾನಲ್ಲ.

ಭಾನುವಾರ ಯಾವಾಗಲಾದರೂ, ಬೇರೆ ದಿನ ಸಂಜೆ ಏಳರ ನಂತರ ಮಾತನಾಡಬಲ್ಲೆ. ಫೋನ್ ಕಷ್ಟವಾದರೆ ಇಲ್ಲೇ ಎರಡು ಸಾಲು ಬರೆದರೂ ಸಾಕು. ನಮ್ಮ ಅಳತೆ ಪಟ್ಟಿಯ ಒಂದು ಪುಟವನ್ನು ಲಗತ್ತಿಸಿದ್ದೇನೆ.

ವಂದನೆಗಳೊಂದಿಗೆ,
ಶಿವಲೀಲಾ
ಕೌಲ್ ಬಜಾರ್, ಬಳ್ಳಾರಿ