ನಾಳೆ ಪರೀಕ್ಷೆ, ಮಸೂರದ ಲೆಕ್ಕ ಒಂದು

ರಾತ್ರಿ 10.42

ಮೇಡಂ, ನಮಸ್ತೆ. ಇಷ್ಟು ಹೊತ್ತಿನಲ್ಲಿ ಮೆಸೇಜ್ ಮಾಡುತ್ತಿದ್ದೇನೆ, ಬೇಜಾರು ಮಾಡ್ಕೋಬೇಡಿ. ಮಸೂರದ ಒಂದು ಲೆಕ್ಕ ಸಂಜೆಯಿಂದ ತಲೆ ತಿನ್ನುತ್ತಿದೆ.

ಪೀನ ಮಸೂರ, ಸಂಗಮದೂರ 20 ಸೆಂ.ಮೀ. ವಸ್ತು 30 ಸೆಂ.ಮೀ. ದೂರದಲ್ಲಿದೆ. ಪ್ರತಿಬಿಂಬ ಎಲ್ಲಿ ಅಂತ ಪ್ರಶ್ನೆ. ಸೂತ್ರ ಸರಿಯಾಗೇ ಬರೆದಿದ್ದೇನೆ, 1/v − 1/u = 1/f. ಅದರಲ್ಲಿ u = 30 ಹಾಕಿದರೆ 1/v = 1/20 + 1/30 ಆಗುತ್ತೆ, v = 12 ಬರುತ್ತೆ. ಹಿಂದೆ ಉತ್ತರ ನೋಡಿದರೆ 60 ಅಂತ ಇದೆ! ಲ.ಸಾ.ಅ. ಮತ್ತೆ ಮತ್ತೆ ನೋಡಿದೆ, ಅದರಲ್ಲಿ ತಪ್ಪಿಲ್ಲ.

ಫ್ರೆಂಡ್‌ಗೆ ಕೇಳಿದರೆ "ಸುಮ್ನೆ u ಗೆ ಮೈನಸ್ ಹಾಕು, ಬರುತ್ತೆ" ಅಂದಳು. ಹಾಕಿದೆ, 60 ಬಂತು. ಆದರೆ ಯಾಕೆ ಅಂತ ಅವಳಿಗೂ ಗೊತ್ತಿಲ್ಲ. ನಿಮ್ನ ದರ್ಪಣದಲ್ಲಿ u ಗೂ ಮೈನಸ್, f ಗೂ ಮೈನಸ್ ಹಾಕಿದ್ದೆವು ಅಲ್ವಾ? ಇಲ್ಲಿ f ಗೆ ಯಾಕಿಲ್ಲ? ಮತ್ತೆ v ಎಲ್ಲಿದೆ ಅಂತಲೇ ಗೊತ್ತಿಲ್ಲದಾಗ ಅದಕ್ಕೂ ಮೊದಲೇ ಮೈನಸ್ ಹಾಕಿಕೊಂಡು ಶುರು ಮಾಡಬೇಕಾ, ಇಲ್ಲಾ ಕೊನೆಯಲ್ಲಿ

ರಾತ್ರಿ 11.05

ಅರ್ಧಕ್ಕೇ ನಿಂತಿದೆ, ಆದರೂ ಏನು ಕೇಳುತ್ತಿದ್ದೀಯ ಅಂತ ಗೊತ್ತಾಯಿತು. v ಗೆ ನೀನು ಏನೂ ಹಾಕಬೇಡ. ಕೊಟ್ಟಿರುವ ಬೆಲೆಗಳಿಗೆ ಮಾತ್ರ ಚಿಹ್ನೆ. v ತನ್ನ ಚಿಹ್ನೆಯನ್ನು ತಾನೇ ತರುತ್ತೆ.

ಮೊದಲು ಚಿತ್ರ ಬರಿ. ಬೆಳಕು ಎಡದಿಂದ ಬಲಕ್ಕೆ. ಮಸೂರದ ನಡುವಿನಿಂದ ಅಳೆಯಬೇಕು. ಬೆಳಕು ಹೋಗುವ ಕಡೆಗೆ ಅಳೆದರೆ ಪ್ಲಸ್, ಅದಕ್ಕೆ ಎದುರಾಗಿ ಅಳೆದರೆ ಮೈನಸ್. ವಸ್ತು ಎಡಕ್ಕಿದೆ, ಅದಕ್ಕೇ u = −30. ಪೀನ ಮಸೂರ ಬೆಳಕನ್ನು ದಾಟಿಸಿ ಆಚೆ ಬದಿಯಲ್ಲಿ ಸೇರಿಸುತ್ತೆ, f = +20. ನಿಮ್ನ ದರ್ಪಣ ಬೆಳಕನ್ನು ವಾಪಸ್ ಕಳಿಸಿ ವಸ್ತು ಇರುವ ಕಡೆಯೇ ಸೇರಿಸುತ್ತೆ. ಅಲ್ಲಿ f ಮೈನಸ್ ಆಗಿದ್ದು ಅದಕ್ಕೇ.

1/v = 1/20 − 1/30 = 1/60
v = +60 ಸೆಂ.ಮೀ.
m = v/u = −2

ಅಂದರೆ ಆಚೆ ಬದಿಯಲ್ಲಿ, ತಲೆಕೆಳಗಾಗಿ, ಎರಡರಷ್ಟು ದೊಡ್ಡದಾಗಿ. ಪ್ಲಸ್ 12 ಬಂದ ತಕ್ಷಣ ಅನುಮಾನ ಬರಬೇಕು ನೋಡು. ತುಂಬಾ ತುಂಬಾ ದೂರದ ವಸ್ತುವಿನ ಪ್ರತಿಬಿಂಬವೇ 20ರಲ್ಲಿ ಬೀಳುತ್ತೆ. ವಸ್ತು ಹತ್ತಿರ ಬಂದಷ್ಟೂ ಅದು ಇನ್ನೂ ದೂರ ಸರಿಯುತ್ತೆ. 20ಕ್ಕಿಂತ ಒಳಗೆ ಹೇಗೆ ಬಂದೀತು?

ದರ್ಪಣದ ಸೂತ್ರದ ನಡುವೆ ಪ್ಲಸ್, ಅಲ್ಲಿ m = −v/u. ಇವೆರಡನ್ನೂ ಬೆರೆಸಬೇಡ. ಉತ್ತರದ ಮುಂದೆ ಸೆಂ.ಮೀ. ಬರಿ, ನೀನು ಯಾವಾಗಲೂ ಬಿಡುತ್ತೀಯ.

ಇನ್ನು ಫೋನ್ ಇಟ್ಟು ಮಲಗು. ಬೇರೆ ಡೌಟ್ ಇದ್ದರೆ ಬೆಳಿಗ್ಗೆ 7ಕ್ಕೆ ಫೋನ್ ಮಾಡು, ಎದ್ದಿರುತ್ತೇನೆ.